ಅರೆ, ಕಾಲು, ಅರೆಕಾಲು, ವೀಸ: ಅರ್ಧಾಯು ಲೆಕ್ಕ ನನಗೆ ಹತ್ತಿದ ಬಗೆ

ಪಿಯುಸಿ ಎರಡನೇ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧಾಯುವಿನ ಲೆಕ್ಕವೊಂದಕ್ಕೆ ನನಗೆ ಸೊನ್ನೆ ಬಂದಿತ್ತು. ವಿಕಿರಣಶೀಲ ಅಯೋಡಿನ್-131ರ ಅರ್ಧಾಯು, ಅಂದರೆ ಕ್ಷಯಿಸುತ್ತ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 8 ದಿನ, 40 ದಿನಗಳ ನಂತರ ಎಷ್ಟು ಭಾಗ ಉಳಿಯುತ್ತದೆ ಎಂದು ಕೇಳಿದ್ದರು. 40ರಲ್ಲಿ 8 ಐದು ಸಲ ಇದೆ, ಪ್ರತಿ ಸಲವೂ ಎರಡು ಪಾಲು, ಐದೆರಡಲ ಹತ್ತು, ಹಾಗಾಗಿ ಹತ್ತನೇ ಒಂದು ಭಾಗ ಎಂದು ಬರೆದು, ಉತ್ತರದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಅವರು ಓದಿದ್ದು ನಾಲ್ಕನೇ ತರಗತಿ, ಆದರೆ ಅಡಿಕೆ ವ್ಯಾಪಾರದ ಲೆಕ್ಕವನ್ನೆಲ್ಲ ಹಳೆಯ ಭಿನ್ನರಾಶಿಯಲ್ಲೇ ಇಡುತ್ತಿದ್ದರು. ಲೆಕ್ಕವನ್ನು ಕೇಳಿ ಬೆರಳು ಮಡಚುತ್ತ ಹೋದರು: "ಎಂಟು ದಿನಕ್ಕೆ ಅರೆ. ಹದಿನಾರಕ್ಕೆ ಕಾಲು. ಇಪ್ಪತ್ತನಾಲ್ಕಕ್ಕೆ ಅರೆಕಾಲು. ಮೂವತ್ತೆರಡಕ್ಕೆ ವೀಸ. ನಲವತ್ತಕ್ಕೆ ಅರೆವೀಸ." ವೀಸ ಎಂದರೆ ಹದಿನಾರನೇ ಒಂದು ಪಾಲು, ಅರೆವೀಸ ಎಂದರೆ ಮೂವತ್ತೆರಡನೇ ಒಂದು. ಉತ್ತರ 1/32, ಅಂದರೆ ಶೇಕಡಾ 3.125. ನಾನು ಬರೆದದ್ದು ಅದರ ಮೂರು ಪಟ್ಟಿಗಿಂತ ಹೆಚ್ಚು.

ಈಗ ಹದಿನೆಂಟು ವರ್ಷಗಳಿಂದ ಅದೇ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಮೊದಲು ಬರೆಯುವುದು ಸೂತ್ರವನ್ನಲ್ಲ, ಅಜ್ಜನ ಈ ಐದು ಪದಗಳನ್ನು. ಪ್ರತಿ ಅರ್ಧಾಯುವಿನಲ್ಲಿಯೂ ಅರ್ಧವಾಗುವುದು ಮೊದಲಿದ್ದ ಮೊತ್ತವಲ್ಲ, ಆ ಹೊತ್ತಿಗೆ ಉಳಿದಿರುವ ಮೊತ್ತ ಎನ್ನುವುದು ಈ ಪದಗಳಲ್ಲೇ ಅಡಗಿದೆ. ಅರೆಯ ಅರೆಯೇ ಕಾಲು. ಹಾಗಾಗಿ n ಅರ್ಧಾಯುಗಳ ನಂತರ ಉಳಿಯುವ ಭಾಗಕ್ಕೆ ಅರ್ಧವನ್ನು n ಸಲ ಗುಣಿಸಬೇಕು, ಎರಡನ್ನು n ನಿಂದ ಗುಣಿಸುವುದಲ್ಲ:

```
N/N₀ = (1/2)ⁿ,   n = t/T
```

N₀ ಮೊದಲಿದ್ದದ್ದು, N ಉಳಿದದ್ದು, t ಕಳೆದ ಕಾಲ, T ಅರ್ಧಾಯು. ಇಲ್ಲಿಯೇ ಇನ್ನೊಂದು ಸಣ್ಣ ಹಳ್ಳವಿದೆ. ಪ್ರಶ್ನೆಯಲ್ಲಿ "ಉಳಿದ ಭಾಗ" ಎಂದಿದೆಯೋ "ಕ್ಷಯಿಸಿದ ಭಾಗ" ಎಂದಿದೆಯೋ ನೋಡದೆ ಬರೆದುಬಿಡುತ್ತಾರೆ. 40 ದಿನಕ್ಕೆ ಉಳಿದದ್ದು 1/32, ಕ್ಷಯಿಸಿದ್ದು 31/32. ಆ ಒಂದು ಪದದ ಕೆಳಗೆ ಪೆನ್ಸಿಲ್ ಗೆರೆ ಹಾಕಿಸುತ್ತೇನೆ, ಅಷ್ಟೇ. ಇದಕ್ಕಿಂತ ದೊಡ್ಡ ಉಪಾಯ ನನಗೆ ಸಿಕ್ಕಿಲ್ಲ.

ಅವಧಿಯು ಅರ್ಧಾಯುವಿನ ಪೂರ್ಣ ಗುಣಕವಾಗಿದ್ದರೆ ಅಜ್ಜನ ಬೆರಳುಗಳೇ ಸಾಕು. ಪ್ರಶ್ನೆ ಬಿಗಿಯಾಗುವುದು 20 ದಿನ ಎಂದಾಗ. ಎರಡೂವರೆ ಅರ್ಧಾಯು. ಎರಡಕ್ಕೆ ಕಾಲು, ಮೂರಕ್ಕೆ ಅರೆಕಾಲು. ಹಾಗಾದರೆ ನಡುವಿನದು ಎಷ್ಟು? ತರಗತಿಯಲ್ಲಿ ಅರ್ಧಕ್ಕರ್ಧ ಕೈಗಳು 0.25 ಮತ್ತು 0.125ರ ಸರಾಸರಿ ತೆಗೆದು 0.1875 ಎನ್ನುತ್ತವೆ. ಇದು ತಪ್ಪು, ಆದರೆ ಒಳ್ಳೆಯ ತಪ್ಪು. ಉತ್ತರ ಇರಬೇಕಾದ ಬೇಲಿಯನ್ನು ಅವರು ಸರಿಯಾಗಿಯೇ ಹಾಕಿದ್ದಾರೆ. ತಪ್ಪಿದ್ದು ಎಲ್ಲಿ ಎಂದರೆ, ಕ್ಷಯದ ರೇಖೆ ನೇರವಾಗಿ ಇಳಿಯುವುದಿಲ್ಲ. ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕುವ ಹಗ್ಗ ಜೋತು ಬೀಳುವಂತೆ ಅದು ನೇರಗೆರೆಗಿಂತ ಕೆಳಗೆ ಬಾಗಿರುತ್ತದೆ. ಆದ್ದರಿಂದ ನಿಜವಾದ ಉತ್ತರ 0.1875ಕ್ಕಿಂತ ಕಡಿಮೆ ಇರಲೇಬೇಕು.

ಲಾಗ್ ಟೇಬಲ್ ಹಿಡಿದು ಮಾಡುವ ಬಗೆ ಹೀಗೆ. 2ರ ಲಾಗ್ 0.3010. ಅದನ್ನು 2.5ರಿಂದ ಗುಣಿಸಿದರೆ 0.7525. ನಮಗೆ ಬೇಕಾದದ್ದು ಮೈನಸ್ 0.7525ರ ಆಂಟಿಲಾಗ್. ಟೇಬಲ್‌ನಲ್ಲಿ ಋಣ ಸಂಖ್ಯೆಗಳಿಲ್ಲ, ಆದ್ದರಿಂದ ಒಂದನ್ನು ಕಳೆದು ಒಂದನ್ನು ಕೂಡಿಸಿ 'ಬಾರ್ ಒಂದು, ಪಾಯಿಂಟ್ 2475' ಎಂದು ಬರೆಯಬೇಕು. 0.2475ಕ್ಕೆ ಟೇಬಲ್ 1768 ಕೊಡುತ್ತದೆ, ಬಾರ್ ಒಂದು ಇರುವುದರಿಂದ ಉತ್ತರ 0.1768. ಬೇಲಿಯ ಒಳಗಿದೆ, ಸರಾಸರಿಗಿಂತ ಕೆಳಗಿದೆ. ಕಳೆದು ಕೂಡಿಸುವುದನ್ನು ಮರೆತು ನೇರವಾಗಿ 'ಬಾರ್ ಒಂದು, ಪಾಯಿಂಟ್ 7525' ಎಂದು ಬರೆದವರಿಗೆ 0.5656 ಬರುತ್ತದೆ. ಎರಡೂವರೆ ಅರ್ಧಾಯು ಕಳೆದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ ಎಂದಂತಾಯಿತು! ಮೊದಲೇ ಬೇಲಿ ಹಾಕಿಕೊಂಡವರಿಗೆ ಈ ತಪ್ಪು ಅಲ್ಲಿಯೇ ಕಾಣುತ್ತದೆ. ಹಾಕದವರು ಅದಕ್ಕೂ ಎರಡು ಗೆರೆ ಎಳೆಯುತ್ತಾರೆ, ನನ್ನ ಹಾಗೆ.

ಇನ್ನು ಕ್ಷಯ ಸ್ಥಿರಾಂಕ. λ = 0.693/T ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆ 0.693 ಎಲ್ಲಿಂದ ಬಂತು ಎಂದರೆ ಬೆಂಚುಗಳು ಮೌನ. ಕ್ಷಯದ ನಿಯಮ ಇಷ್ಟೇ: ಒಂದು ಕ್ಷಣದಲ್ಲಿ ಎಷ್ಟು ಪರಮಾಣುಗಳು ಕ್ಷಯಿಸುತ್ತವೆ ಎಂಬುದು ಆ ಕ್ಷಣದಲ್ಲಿ ಎಷ್ಟು ಇವೆ ಎಂಬುದಕ್ಕೆ ಅನುಪಾತದಲ್ಲಿರುತ್ತದೆ, ಆ ಅನುಪಾತದ ಸಂಖ್ಯೆಯೇ λ. ಅದರಿಂದ N = N₀e^(−λt) ಬರುತ್ತದೆ. t ಜಾಗದಲ್ಲಿ T ಇಟ್ಟರೆ N ಅರ್ಧವಾಗಬೇಕು, ಅಂದರೆ e^(λT) = 2. ಎರಡರ ಸ್ವಾಭಾವಿಕ ಲಾಗರಿದಂ 0.693. ಅದು ಅಯೋಡಿನ್‌ನ ಗುಣವೂ ಅಲ್ಲ, ಯುರೇನಿಯಂನ ಗುಣವೂ ಅಲ್ಲ. ನಾವು "ಅರ್ಧ" ಎಂಬ ಅಳತೆಯನ್ನು ಆರಿಸಿಕೊಂಡದ್ದಕ್ಕೆ ತೆತ್ತ ಸುಂಕ.

ನಮ್ಮ ಅಯೋಡಿನ್‌ಗೆ λ = 0.693/8 = 0.0866. ಏನು 0.0866? ದಿನಕ್ಕೆ. ಈ "ದಿನಕ್ಕೆ" ಎಂಬ ಪದವನ್ನು ಬಿಟ್ಟವರು ಮುಂದೆ ಖಂಡಿತ ಬೀಳುತ್ತಾರೆ, ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಒಬ್ಬ ಹುಡುಗಿ ಕೇಳಿದ ಪ್ರಶ್ನೆ. "ಸರ್, ಹಾಗಾದರೆ ಮೊದಲ ದಿನ ಶೇಕಡಾ 8.66 ಹೋಗುತ್ತದಲ್ಲವೇ?" ಹೌದು ಎನ್ನಲು ಬಾಯಿ ತೆರೆದು ನಿಲ್ಲಿಸಿದೆ. ಲೆಕ್ಕ ಮಾಡಿ ನೋಡಿದರೆ ಒಂದು ದಿನದ ಕೊನೆಗೆ ಉಳಿಯುವುದು 0.917, ಹೋಗುವುದು ಶೇಕಡಾ 8.30 ಮಾತ್ರ. ಉಳಿದ 0.36 ಎಲ್ಲಿ ಹೋಯಿತು? 8.66 ಎಂಬುದು ದಿನದ ಆರಂಭದ ಕ್ಷಣದಲ್ಲಿರುವ ವೇಗ. ಮಧ್ಯಾಹ್ನದ ಹೊತ್ತಿಗೆ ದಾಸ್ತಾನು ಕರಗಿರುತ್ತದೆ, ಅದಕ್ಕೆ ತಕ್ಕಂತೆ ಕ್ಷಯದ ವೇಗವೂ ಇಳಿದಿರುತ್ತದೆ. ಒಂದು ಗಂಟೆಯ ಲೆಕ್ಕ ಮಾಡಿದರೆ ಎರಡೂ ಸಂಖ್ಯೆಗಳು ಬಹುತೇಕ ಒಂದೇ, ಶೇಕಡಾ 0.361 ಮತ್ತು 0.360. ಅವಧಿ ಅರ್ಧಾಯುವಿನ ಮುಂದೆ ತೀರಾ ಚಿಕ್ಕದಾಗಿದ್ದಾಗ ಮಾತ್ರ λ ಅನ್ನು ನೇರವಾಗಿ "ಇಷ್ಟು ಪಾಲು ಹೋಗುತ್ತದೆ" ಎಂದು ಓದಬಹುದು. ಆ ದಿನದಿಂದ ಈ ಲೆಕ್ಕವನ್ನು ನಾನೇ ಮುಂದಾಗಿ ಬೋರ್ಡಿನ ಮೇಲೆ ಮಾಡುತ್ತೇನೆ.

ಈಗ ಬೀಳುವ ಜಾಗಕ್ಕೆ ಬರೋಣ. ಒಂದು ಮೈಕ್ರೋಗ್ರಾಂ ಅಯೋಡಿನ್-131 ಸೆಕೆಂಡಿಗೆ ಎಷ್ಟು ಕ್ಷಯಗಳನ್ನು ಕೊಡುತ್ತದೆ? ಮೊದಲು ಪರಮಾಣುಗಳನ್ನು ಎಣಿಸಬೇಕು. 131 ಗ್ರಾಂನಲ್ಲಿ 6.022 × 10²³ ಇದ್ದರೆ ಒಂದು ಮೈಕ್ರೋಗ್ರಾಂನಲ್ಲಿ 4.6 × 10¹⁵. ಇದನ್ನು λ ದಿಂದ ಗುಣಿಸಿದರೆ ಆಯಿತು. ಅವಸರದಲ್ಲಿ 0.0866ರಿಂದ ಗುಣಿಸಿ 4 × 10¹⁴ ಬೆಕೆರಲ್ ಎಂದು ಬರೆಯುತ್ತಾರೆ. ಬೆಕೆರಲ್ ಎಂದರೆ ಸೆಕೆಂಡಿಗೆ ಒಂದು ಕ್ಷಯ. ಗುಣಿಸಿದ್ದು ದಿನದ ಸ್ಥಿರಾಂಕದಿಂದ. ತಪ್ಪು 86,400 ಪಟ್ಟು.

ಇದನ್ನು ಪತ್ತೆ ಹಚ್ಚಲು ನನ್ನ ಬಳಿ ಇರುವ ತಕ್ಕಡಿ ರೇಡಿಯಂ. ಒಂದು ಗ್ರಾಂ ರೇಡಿಯಂ ಹೆಚ್ಚೂಕಡಿಮೆ ಒಂದು ಕ್ಯೂರಿ, ಅಂದರೆ 3.7 × 10¹⁰ ಬೆಕೆರಲ್. ಕ್ಯೂರಿ ಎಂಬ ಮಾನ ಹುಟ್ಟಿದ್ದೇ ಹಾಗೆ. ತಪ್ಪು ಉತ್ತರದ ಪ್ರಕಾರ ಕಣ್ಣಿಗೆ ಕಾಣದ ಒಂದು ಮೈಕ್ರೋಗ್ರಾಂ ಅಯೋಡಿನ್ ಹತ್ತು ಕಿಲೋಗ್ರಾಂ ರೇಡಿಯಂಗೆ ಸಮ. ಸರಿಯಾದ ದಾರಿ: 8 ದಿನ ಎಂದರೆ 6,91,200 ಸೆಕೆಂಡು, λ = 0.693/691200 = 1.0 × 10⁻⁶, ಸೆಕೆಂಡಿಗೆ. ಅಂದರೆ ಪ್ರತಿ ಸೆಕೆಂಡಿಗೆ ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು. ಈ ಸಂಖ್ಯೆ ಇಷ್ಟು ದುಂಡಗೆ ಬರುವುದರಿಂದಲೇ ಪಾಠಕ್ಕೆ ನಾನು ಅಯೋಡಿನ್ ಬಿಟ್ಟು ಬೇರೆಯದನ್ನು ಹಿಡಿಯುವುದಿಲ್ಲ. ಗುಣಿಸಿದರೆ 4.6 × 10⁹ ಬೆಕೆರಲ್, ಸುಮಾರು ಎಂಟನೇ ಒಂದು ಕ್ಯೂರಿ. ಇದೂ ಸಣ್ಣದಲ್ಲ, ರೇಡಿಯಂನ ಲಕ್ಷ ಪಟ್ಟಿಗೂ ಮೀರಿದ ತೀವ್ರತೆ. ಆದರೆ ರೇಡಿಯಂನ ಅರ್ಧಾಯು 1,600 ವರ್ಷ, ಇದರದು 8 ದಿನ. ಅರ್ಧಾಯು ಚಿಕ್ಕದಾದಷ್ಟೂ ಅಷ್ಟೇ ತೂಕದಿಂದ ಸೆಕೆಂಡಿಗೆ ಹೆಚ್ಚು ಕ್ಷಯಗಳು ಬರುತ್ತವೆ, ಹಾಗಾಗಿ ಇದನ್ನು ನಂಬಬಹುದು.

λ ದ ನಿಜವಾದ ಉಪಯೋಗ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನನ್ನ ಅತ್ತಿಗೆಗೆ ಥೈರಾಯಿಡ್‌ಗೆ ಇದೇ ಅಯೋಡಿನ್ ಕೊಟ್ಟಿದ್ದರು. ದೇಹದಿಂದ ಅದು ಯಾವಾಗ ಹೋಗುತ್ತದೆ ಎಂದು ಅವರು ನನ್ನನ್ನು ಕೇಳಿದಾಗ ಎಂಟೆಂಟು ದಿನಕ್ಕೆ ಅರ್ಧ ಎಂದುಬಿಟ್ಟೆ. ಅರ್ಧ ಸತ್ಯ. ದೇಹವೂ ತಾನಾಗಿ ಅಯೋಡಿನ್ ಅನ್ನು ಹೊರಹಾಕುತ್ತದೆ. ಆರೋಗ್ಯವಂತ ವಯಸ್ಕರ ಥೈರಾಯಿಡ್‌ನಲ್ಲಿ ಅದಕ್ಕೆ ಸುಮಾರು 80 ದಿನಗಳ ಅರ್ಧಾವಧಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡು ದಾರಿಗಳಿಂದ ಖಾಲಿಯಾಗುವಾಗ ಅರ್ಧಾಯುಗಳನ್ನು ಕೂಡುವಂತಿಲ್ಲ, ಸರಾಸರಿಯನ್ನೂ ತೆಗೆಯುವಂತಿಲ್ಲ. ಕೂಡುವುದು ಸ್ಥಿರಾಂಕಗಳನ್ನು: 1/8 + 1/80 = 11/80, ತಲೆಕೆಳಗು ಮಾಡಿದರೆ 7.3 ದಿನ. 0.693 ಎರಡೂ ಕಡೆ ಇರುವುದರಿಂದ ಹಾರಿಹೋಗುತ್ತದೆ. ಉತ್ತರ ಯಾವಾಗಲೂ ಎರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದಾಗಿರಬೇಕು, ಇದೂ ಒಂದು ಬೇಲಿ. ಕಾಯಿಲೆಯ ಗ್ರಂಥಿಯಲ್ಲಿ ಆ 80 ಎಂಬ ಸಂಖ್ಯೆ ಬಹಳ ಬದಲಾಗುತ್ತದೆ, ಹಾಗಾಗಿ ರೋಗಿಯ ಲೆಕ್ಕವನ್ನು ವೈದ್ಯರಿಗೇ ಬಿಟ್ಟೆ.

ಪಾಠದ ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಅರ್ಧ, ಅರ್ಧ ಎನ್ನುತ್ತ ಹೋದರೆ ಇದು ಮುಗಿಯುವುದು ಯಾವಾಗ? ಸೂತ್ರದ ಪ್ರಕಾರ ಎಂದಿಗೂ ಇಲ್ಲ. ಆದರೆ ನಮ್ಮ ಮೈಕ್ರೋಗ್ರಾಂನಲ್ಲಿ 4.6 × 10¹⁵ ಪರಮಾಣುಗಳಿದ್ದವು, ಎರಡನ್ನು 52 ಸಲ ಗುಣಿಸಿದರೆ 4.5 × 10¹⁵. ಅಂದರೆ 52 ಅರ್ಧಾಯು, 416 ದಿನ ಕಳೆದಾಗ ಉಳಿಯುವುದು ಹೆಚ್ಚೂಕಡಿಮೆ ಒಂದೇ ಪರಮಾಣು. ಅರ್ಧ ಪರಮಾಣು ಎಂಬುದಿಲ್ಲ, ಆದ್ದರಿಂದ ಅಲ್ಲಿಗೆ ಅಜ್ಜನ ಅರೆ ಕಾಲುಗಳೂ ನಿಲ್ಲುತ್ತವೆ. ಅದು ಇನ್ನೂ ಇರಬಹುದು, ಆಗಲೇ ಹೋಗಿರಬಹುದು, ಇನ್ನೆರಡು ಉಳಿದೂ ಇರಬಹುದು. ಹೇಳಬಹುದಾದದ್ದು ಒಂದೇ: ಅದು ಇದ್ದರೆ, ಮುಂದಿನ ಒಂದು ದಿನದೊಳಗೆ ಕ್ಷಯಿಸುವ ಸಂಭವ ಶೇಕಡಾ 8.3. ಮೊದಲ ದಿನವೂ ಅದಕ್ಕೆ ಅಷ್ಟೇ ಇತ್ತು.