ಮಾರ್ಕ್ಸ್ ಮಡಚಿಟ್ಟು ರಿಮಾರ್ಕ್ ಓದಿಸಿದೆ: ಮೊದಲ ವರ್ಷದವರ ಜೊತೆ ನನ್ನ ಅನುಭವ

ಹೋದ ಸೆಮಿಸ್ಟರ್‌ನಲ್ಲಿ ನನ್ನ ಕ್ಲಾಸಿನ 62 ಮಕ್ಕಳಲ್ಲಿ ಸುಮಾರು 40 ಮಂದಿ ಇಂಟರ್ನಲ್ಸ್‌ನ ಬ್ಲೂ ಬುಕ್ ವಾಪಸ್ ಸಿಕ್ಕಿದ ಮೇಲೆ ಒಂದು ಪ್ಯಾರಾವನ್ನಾದರೂ ತಿದ್ದಿ ಬರೆದು ತಂದು ತೋರಿಸಿದರು. ಇದರಿಂದ ಮಾರ್ಕ್ಸ್ ಜಾಸ್ತಿ ಆಗಲ್ಲ ಅಂತ ಮೊದಲೇ ಹೇಳಿದ್ದೆ. ಆದರೂ ತಂದರು. "ರಿಮಾರ್ಕ್ ಯಾರಮ್ಮಾ ಓದ್ತಾರೆ? ಮಕ್ಕಳು ನೋಡೋದು ಮಾರ್ಕ್ಸ್ ಒಂದೇ" ಅಂತ ಸ್ಟಾಫ್ ರೂಮಿನಲ್ಲಿ ಮೂರು ವರ್ಷದಿಂದ ಕೇಳುತ್ತಿದ್ದೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನಾನು ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳು ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ಬಸ್ ಪಾಸಿನಲ್ಲಿ ಬರುವವರು. ಪಿಯುಸಿವರೆಗೆ ಹೆಚ್ಚಿನವರ ಪೇಪರ್ ಮೇಲೆ ಇರುತ್ತಿದ್ದದ್ದು ರೈಟ್ ಗುರುತು, ಮಾರ್ಕ್ಸ್, ಕೆಳಗೊಂದು ಸಹಿ, ಅಷ್ಟೇ. ಪುಟದ ಅಂಚಿನಲ್ಲಿ ಯಾರೋ ಸಾಲು ಬರೆದಿದ್ದಾರೆ ಅಂದರೆ ಅವರಿಗೆ ಅದು ಬೈಗುಳ. "ಆಧಾರ ಎಲ್ಲಿ?" ಅಂತ ನಾನು ಬರೆದದ್ದನ್ನು ಒಬ್ಬ "ಕಾಪಿ ಹೊಡೆದಿದ್ದೀಯ" ಅಂತ ಓದಿಕೊಂಡಿದ್ದ. "ಇನ್ನಷ್ಟು ವಿವರಿಸಿ" ಅಂದದ್ದಕ್ಕೆ ಇನ್ನೊಬ್ಬಳು ಮುಂದಿನ ಟೆಸ್ಟ್‌ನಲ್ಲಿ ಗೈಡಿನ ಎರಡು ಪುಟ ಬಾಯಿಪಾಠ ಮಾಡಿ ಇಳಿಸಿದ್ದಳು. ಇಬ್ಬರೂ ರಿಮಾರ್ಕ್ ಓದಿದ್ದರು. ಅದು ಏನು ಕೇಳುತ್ತಿದೆ ಅನ್ನೋದು ಮಾತ್ರ ಗೊತ್ತಾಗಿರಲಿಲ್ಲ.

ಮೊದಲ ವರ್ಷ ಮಾಡಿದ ತಪ್ಪು ದುಬಾರಿಯೂ ಆಯಿತು. ಕಾಲೇಜು ಶುರುವಾದ ವಾರವೇ ರಿಮಾರ್ಕ್ ಓದುವುದು ಹೇಗೆ ಅಂತ ಒಂದೂವರೆ ಗಂಟೆ ಭಾಷಣ ಇಟ್ಟೆ. ಪ್ರೊಜೆಕ್ಟರ್, ಸ್ಲೈಡು, ಜೊತೆಗೆ ಆರು ಪುಟದ ಹ್ಯಾಂಡೌಟ್. ಎರಡು ಸೆಕ್ಷನ್ ಸೇರಿ 130 ಪ್ರತಿ ಜೆರಾಕ್ಸ್ ಮಾಡಿಸಿದ್ದೆ. ಹೆಚ್ಚು ಕಡಿಮೆ 800 ರೂಪಾಯಿ, ಕೈಯಿಂದಲೇ. ಸಂಜೆ ನೋಡಿದರೆ ಅರ್ಧಕ್ಕರ್ಧ ಬೆಂಚಿನ ಕೆಳಗೇ ಬಿದ್ದಿದ್ದವು. ಮಕ್ಕಳದ್ದೇನೂ ತಪ್ಪಿಲ್ಲ. ಅವರ ಕೈಯಲ್ಲಿ ಇನ್ನೂ ಒಂದು ರಿಮಾರ್ಕೂ ಇರಲಿಲ್ಲ.

ಎರಡನೇ ವರ್ಷ ಬ್ಲೂ ಬುಕ್ ಹಂಚಿದ ದಿನವೇ ಮಾತಾಡಿದೆ. ಸಮಯ ಸರಿಯಿತ್ತು, ವಿಧಾನ ತಪ್ಪಿತ್ತು. ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ರಿಮಾರ್ಕ್ ಓದಿ ಅಂದೆ. ಮೂರನೇ ಬೆಂಚಿನ ಹುಡುಗಿ "ಪ್ರಶ್ನೆಯನ್ನೇ ಓದಿಲ್ಲ" ಅಂತ ಓದಿ ಅಲ್ಲಿಗೇ ನಿಲ್ಲಿಸಿದಳು. ಅದು ನನ್ನದೇ ಅಕ್ಷರ. ಒಂದು ವಾರ ಅವಳು ಕ್ಲಾಸಿಗೆ ಬರಲಿಲ್ಲ. ಅವತ್ತಿನಿಂದ ಎರಡು ವಿಷಯ ಬಿಟ್ಟೆ. ಮಕ್ಕಳ ರಿಮಾರ್ಕನ್ನು ಎಲ್ಲರ ಮುಂದೆ ಓದಿಸುವುದಿಲ್ಲ. ಮತ್ತೆ, ಬರೆದವರ ಬಗ್ಗೆ ರಿಮಾರ್ಕ್ ಹಾಕುವುದಿಲ್ಲ, ಬರೆದ ಸಾಲಿನ ಬಗ್ಗೆ ಮಾತ್ರ ಹಾಕುತ್ತೇನೆ. "ಪ್ರಶ್ನೆಯನ್ನೇ ಓದಿಲ್ಲ" ಅನ್ನುವ ಕಡೆ ಈಗ "ಪ್ರಶ್ನೆ ಕೇಳಿದ್ದು ಕಾರಣ, ಇಲ್ಲಿರುವುದು ಪರಿಣಾಮ" ಅಂತ ಬರೆಯುತ್ತೇನೆ. ಮೂರು ಪದ ಜಾಸ್ತಿ. ಆದರೆ ಏನು ಮಾಡಬೇಕು ಅಂತ ಅದರಲ್ಲೇ ಇದೆ.

ಈಗ ನಡೆಯುತ್ತಿರುವ ಕ್ರಮ ಹೀಗಿದೆ. ಬ್ಲೂ ಬುಕ್ ಕೊಡುವ ಮೊದಲು ಮಾರ್ಕ್ಸ್ ಇರುವ ಮೊದಲ ಪುಟವನ್ನು ಒಳಗೆ ಮಡಚಿ ಸ್ಟೇಪ್ಲರ್ ಪಿನ್ ಹೊಡೆಯುತ್ತೇನೆ. ಒಳಪುಟದಲ್ಲಿ ರಿಮಾರ್ಕ್ ಮಾತ್ರ, ಅಂಕಿ ಇಲ್ಲ. ಪಿನ್ ಬಿಚ್ಚುವುದು ಎರಡು ದಿನ ಕಳೆದ ಮೇಲೆ. ಅದಕ್ಕಿಂತ ಹೆಚ್ಚು ಹಿಡಿದಿಡಲು ಆಗಲ್ಲ, ರಿಜಿಸ್ಟರ್‌ನಲ್ಲಿ ಮಾರ್ಕ್ಸ್ ಏರಿಸಿ ಮಕ್ಕಳ ಸಹಿ ತೆಗೆದುಕೊಳ್ಳಬೇಕಲ್ವಾ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಇಸ್ರೇಲಿನಲ್ಲಿ ರೂತ್ ಬಟ್ಲರ್ ಶಾಲಾ ಮಕ್ಕಳ ಮೇಲೆ ಮಾಡಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ರಿಮಾರ್ಕ್ ಪಡೆದವರು ಸುಧಾರಿಸಿದರು. ಮಾರ್ಕ್ಸ್ ಜೊತೆಗೆ ರಿಮಾರ್ಕ್ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಬಿಎಡ್ ಮಾಡುವಾಗ ಓದಿದ್ದೆ, ಮಾಡಿ ನೋಡಲು ಇಷ್ಟು ವರ್ಷ ಬೇಕಾಯಿತು.

ಮಾತು ಶುರು ಮಾಡುವುದು ನನ್ನದೇ ಎಂ.ಎ. ಪ್ರಾಜೆಕ್ಟಿನ ಒಂದು ಪುಟದಿಂದ. ಆ ಒಂದೇ ಪುಟದಲ್ಲಿ ನಮ್ಮ ಗೈಡ್ ಹಾಕಿದ 11 ರಿಮಾರ್ಕ್ ಇವೆ. "ಇದು ಯಾರು ಹೇಳಿದ್ದು?" ಅನ್ನೋದು ಮೂರು ಸಲ ಬಂದಿದೆ. ಅದನ್ನು ತೋರಿಸುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷದವರಿಗೆ ಮೊದಲೇ ಗೊತ್ತಾದರೆ ಅದು ನಡೆಯಲ್ಲ. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಮೊದಲು ಇದಕ್ಕೆ ಲ್ಯಾಮಿನೇಷನ್ ಕಾರ್ಡ್ ಮಾಡಿಸಿ ಸಾವಿರಕ್ಕೂ ಹೆಚ್ಚು ರೂಪಾಯಿ ಹಾಳು ಮಾಡಿದ್ದೆ. ಅದರ ಮೇಲೆ ಪೆನ್ನಿನಲ್ಲಿ ಬರೆಯಲು ಆಗಲ್ಲ ಅನ್ನೋದು ಹಂಚಿದ ಮೇಲೆ ಹೊಳೆಯಿತು. ಈಗ ಆಫೀಸಿನಲ್ಲಿ ಒಂದು ಬದಿ ಪ್ರಿಂಟ್ ಆಗಿ ಬಿಸಾಡಿದ ಹಾಳೆಯನ್ನೇ ನಾಲ್ಕು ತುಂಡು ಮಾಡುತ್ತೇನೆ. ಖರ್ಚು ಸ್ಟೇಪ್ಲರ್ ಪಿನ್ನಿನದ್ದು ಮಾತ್ರ.

ಚೀಟಿಯಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ರಿಮಾರ್ಕ್ ಇದ್ದದ್ದು ಇದ್ದ ಹಾಗೆ. ಎರಡನೆಯದರಲ್ಲಿ ಆ ರಿಮಾರ್ಕ್ ತಮ್ಮ ಯಾವ ಪದಗಳ ಮೇಲೆ ಬಿದ್ದಿದೆ ಅನ್ನೋದು. ಮೂರನೆಯದರಲ್ಲಿ ಮಾಡಬೇಕಾದ ಕೆಲಸ. ಆ ಕೆಲಸ ನಾಲ್ಕು ಪದಗಳಲ್ಲಿ ಒಂದರಿಂದ ಶುರುವಾಗಬೇಕು: ತೆಗೆ, ಬದಲಿಸು, ಸೇರಿಸು, ಕೇಳು. "ಚೆನ್ನಾಗಿ ಬರೆಯಬೇಕು", "ಇನ್ನೂ ಓದಬೇಕು" ಅಂತ ಬರೆದರೆ ಚೀಟಿ ವಾಪಸ್. ಬೇಜಾರಾದಾಗ ಮಕ್ಕಳು ಬರೆಯುವುದು ಇಂಥದ್ದನ್ನೇ. ಅದರಿಂದ ಒಂದು ಸಾಲೂ ಬದಲಾಗಲ್ಲ.

ಸಕಲೇಶಪುರ ಕಡೆಯ ಒಬ್ಬ ಹುಡುಗನ ಚೀಟಿ ನೋಡೋಣ. ಸಣ್ಣ ಕಾಫಿ ಬೆಳೆಗಾರರ ಸಮಸ್ಯೆ ವಿವರಿಸಿ ಅನ್ನೋದು 10 ಮಾರ್ಕ್ಸಿನ ಪ್ರಶ್ನೆ. ಅವನು ಬರೆದ ಒಂದು ಪ್ಯಾರಾ ಹೀಗಿತ್ತು: "ಮಳೆಯಿಂದ ಬೆಳೆಗಾರರಿಗೆ ತುಂಬಾ ತೊಂದರೆ ಆಗುತ್ತದೆ. ಇದರಿಂದ ಇಳುವರಿ ಕಡಿಮೆಯಾಗುತ್ತದೆ. ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು." ಮೊದಲ ಸಾಲಿನ ಕೆಳಗೆ ಅಲೆಗೆರೆ ಎಳೆದು "ಯಾವ ಮಳೆ?" ಅಂತ ಹಾಕಿದ್ದೆ. ಎರಡನೆಯದಕ್ಕೆ "ಹೇಗೆ?", ಮೂರನೆಯದಕ್ಕೆ "ಸಮಸ್ಯೆ ಅಲ್ಲ, ಪರಿಹಾರ". ಮೂರು ಸಾಲಿಗೆ ಮೂರು ರಿಮಾರ್ಕ್. ಅವನ ಮುಖ ಸಣ್ಣದಾಗಿತ್ತು. "ಎಲ್ಲಾ ತಪ್ಪು ಅಲ್ವಾ ಮೇಡಂ" ಅಂದ.

ಚೀಟಿ ತುಂಬಿಸು ಅಂದೆ. ಮೂರನೇ ರಿಮಾರ್ಕಿಗೆ "ತೆಗೆ" ಅಂತ ಬರೆದ, ಸರ್ಕಾರದ ಸಾಲು ಹೊಡೆದು ಹಾಕಿದ. ಅರ್ಧ ನಿಮಿಷದ ಕೆಲಸ. ಯಾವಾಗಲೂ "ತೆಗೆ"ಯಿಂದಲೇ ಶುರು ಮಾಡಿಸುತ್ತೇನೆ. ಒಂದು ಗೆರೆ ಎಳೆದರೆ ಒಂದು ರಿಮಾರ್ಕ್ ಮುಗಿಯಿತು, ಕೈಗೆ ಧೈರ್ಯ ಬರುತ್ತದೆ. ಆಮೇಲೆ "ಯಾವ ಮಳೆ?". ಎರಡನೇ ಕಾಲಂನಲ್ಲಿ "ಮಳೆ" ಅನ್ನುವ ಒಂದೇ ಪದ ಬರೆದ. ರಿಮಾರ್ಕ್ ಬಿದ್ದದ್ದು ಇಡೀ ಸಾಲಿನ ಮೇಲಲ್ಲ, ಒಂದು ಪದದ ಮೇಲೆ ಅನ್ನೋದು ಅವನಿಗೆ ಕಂಡದ್ದು ಆಗಲೇ. ನಿಮ್ಮ ಮನೆಯಲ್ಲಿ ಯಾವ ಮಳೆಗೆ ಹೆದರುತ್ತಾರೆ ಅಂತ ಕೇಳಿದೆ. ಹುಡುಗ ಐದು ನಿಮಿಷ ನಿಲ್ಲಿಸದೆ ಹೇಳಿದ. ಕೊನೆಗೆ "ಇದನ್ನೆಲ್ಲಾ ಬರೀಬಹುದಾ ಮೇಡಂ? ಪುಸ್ತಕದಲ್ಲಿ ಇಲ್ವಲ್ಲ" ಅಂದ.

ಮಾರನೇ ದಿನ ತಂದದ್ದು ಇದು: "ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬರದಿದ್ದರೆ ಕಾಫಿ ಹೂವು ಸರಿಯಾಗಿ ಅರಳುವುದಿಲ್ಲ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಕೆರೆ, ಪಂಪು ಇರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಎರಡು ಎಕರೆ ಇರುವವರಿಗೆ ಆ ಖರ್ಚು ಆಗುವುದಿಲ್ಲ. ಕೊಯ್ಲಿನ ಸಮಯದಲ್ಲಿ ಮಳೆ ಬಂದರೆ ಕಣದಲ್ಲಿ ಹರಡಿದ ಹಣ್ಣು ಒಣಗದೆ ಬೂಷ್ಟು ಹಿಡಿಯುತ್ತದೆ, ಬೆಲೆ ಸಿಗುವುದಿಲ್ಲ." ಮೊದಲಿನದು ಮೂರು ಸಾಲು, ಇದು ನಾಲ್ಕೈದು. ಆದರೆ "ಯಾವ ಮಳೆ", "ಹೇಗೆ" ಎರಡಕ್ಕೂ ಉತ್ತರ ಇದೆ. "ಸಣ್ಣ ಬೆಳೆಗಾರ" ಅನ್ನುವ ಪ್ರಶ್ನೆಯ ಪದಕ್ಕೂ ಇದೆ, ಅದನ್ನು ನಾನು ರಿಮಾರ್ಕಿನಲ್ಲಿ ಕೇಳಿಯೇ ಇರಲಿಲ್ಲ. ಬೆಲೆಯ ಮಾತಿಗೆ ಅಂಕಿ ಬೇಕು ಅಂತ ಮತ್ತೊಂದು ರಿಮಾರ್ಕ್ ಹಾಕಿದೆ. ಈ ಸಲ ಮುಖ ಸಣ್ಣದಾಗಲಿಲ್ಲ, ಸುಮ್ನೆ ಚೀಟಿ ತೆಗೆದ.

"ಕೇಳು" ಅನ್ನೋದು ನಾಲ್ಕರಲ್ಲಿ ಕಷ್ಟದ್ದು. ನಮ್ಮ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ವಾಪಸ್ ಹೋಗುತ್ತಾರೆ. ಬಂದವರೂ "ಏನು ತಪ್ಪು ಮೇಡಂ?" ಅನ್ನುತ್ತಾರೆ, ಅದಕ್ಕೆ ಮೇಷ್ಟ್ರುಗಳು "ಸರಿಯಾಗಿ ಓದಿ" ಅಂತ ಕಳಿಸುತ್ತಾರೆ. ಅದಕ್ಕೆ ಒಂದು ಮಾತನ್ನು ಕ್ಲಾಸಿನಲ್ಲೇ ಇಬ್ಬಿಬ್ಬರಾಗಿ ಹೇಳಿಸಿ ರೂಢಿ ಮಾಡಿಸುತ್ತೇನೆ: "ಸರ್, ಎರಡನೇ ಪ್ಯಾರಾದಲ್ಲಿ ಅಸ್ಪಷ್ಟ ಅಂತ ಬರೆದಿದ್ದೀರಿ. ನಾನು ಹೀಗೆ ಬದಲಿಸಿದ್ದೇನೆ. ಈಗ ಸರಿ ಇದೆಯಾ?" ಕೈಯಲ್ಲಿ ತಿದ್ದಿದ ಸಾಲು ಇಟ್ಟುಕೊಂಡು ಬಂದವರನ್ನು ಬೈದು ಕಳಿಸಿದ್ದನ್ನು ನಾನಂತೂ ನೋಡಿಲ್ಲ. ಅಕ್ಷರ ಓದಲು ಆಗದಿದ್ದರೂ ಇದೇ ದಾರಿ, "ಈ ಪದ ಏನು ಸರ್?" ಅಂದರೆ ಸಾಕು.

ನಡುವೆ ಬೇರೆ ಕೆಲವು ಮಾಡಿ ನೋಡಿದೆ. ಕೆಂಪಿಂಕಿನ ಬದಲು ಒಂದು ಸಲ ಹಸಿರಿನಲ್ಲಿ ಬರೆದೆ, ಏನೂ ವ್ಯತ್ಯಾಸ ಕಾಣಲಿಲ್ಲ. ವಾಟ್ಸಾಪಿನಲ್ಲಿ ಧ್ವನಿ ಕಳಿಸಿದೆ, ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಮಕ್ಕಳಿಗೆ ಬಹಳ ಇಷ್ಟವಾಯಿತು, ಬಸ್ಸಿನಲ್ಲಿ ಎರಡೆರಡು ಸಲ ಕೇಳಿದರಂತೆ. ಆದರೆ ನಾನು ಯಾವ ಸಾಲಿನ ಬಗ್ಗೆ ಹೇಳುತ್ತಿದ್ದೇನೆ ಅನ್ನೋದು ಸಿಗದೆ ತಿದ್ದಿದವರು ಏಳೆಂಟು ಮಂದಿ ಮಾತ್ರ. ಸಾಲಿಗೆ ನಂಬರ್ ಹಾಕಿಸಿ ಮತ್ತೆ ಮಾಡಬೇಕು ಅಂತಿದೆ. ಗೆಳೆಯರಿಂದಲೇ ರಿಮಾರ್ಕ್ ಬರೆಸಿದ್ದು ಪೂರ್ತಿ ಸೋತಿತು, ಎಲ್ಲಾ ಕಡೆ "ಸೂಪರ್" ಅಂತಿತ್ತು. "ಚೆನ್ನಾಗಿದೆ ಅಂತ ಬರೆಯುವ ಹಾಗಿಲ್ಲ, ಒಂದು ಪ್ರಶ್ನೆ ಮಾತ್ರ ಬರೆಯಿರಿ" ಅಂದ ಮೇಲೆ ಸ್ವಲ್ಪ ದಾರಿಗೆ ಬಂತು.

ಎರಡನೇ ಇಂಟರ್ನಲ್ಸ್ ತಿದ್ದುವಾಗ ನನ್ನ ಕೈಗೇ ವ್ಯತ್ಯಾಸ ಗೊತ್ತಾಯಿತು. "ಹೇಗೆ?" ಅಂತ ಮೊದಲ ಸಲ ಹೆಚ್ಚು ಕಡಿಮೆ ಎಲ್ಲಾ ಬುಕ್ಕಿನಲ್ಲೂ ಬರೆದಿದ್ದೆ, ಎರಡನೇ ಸಲ 20 ಬುಕ್ಕಿನಲ್ಲಿ ಇದ್ದಿರಬಹುದು. ರಿಮಾರ್ಕ್ ಯಾರು ಓದ್ತಾರೆ ಅಂದಿದ್ದ ಹಿರಿಯ ಮೇಷ್ಟ್ರು ಒಂದು ಕಟ್ಟು ಚೀಟಿ ತೆಗೆದುಕೊಂಡು ಹೋದರು. ಅವರ ಕ್ಲಾಸಿನಲ್ಲಿ ಅಷ್ಟಾಗಿ ನಡೆಯಲಿಲ್ಲ. ಅವರ ರಿಮಾರ್ಕುಗಳನ್ನು ನೋಡಿದೆ, "ಸಾಲದು", "ಉತ್ತಮಪಡಿಸಿ" ಅಂತಿದ್ದವು. ಅಂಥದ್ದಕ್ಕೆ ಎರಡನೇ ಕಾಲಂನಲ್ಲಿ ಬರೆಯಲು ಮಕ್ಕಳಿಗೆ ಏನೂ ಸಿಗಲ್ಲ. ಈಗ ಇಬ್ಬರೂ ಕೂತು ರಿಮಾರ್ಕನ್ನೇ ತಿದ್ದುತ್ತಿದ್ದೇವೆ.

ಖಾಲಿ ಪುಟ ಕೊಟ್ಟವರಿಗೆ ಇದರಿಂದ ಉಪಯೋಗವಿಲ್ಲ, ಅವರಿಗೆ ಮೊದಲು ಪಾಠವೇ ಬೇಕು. ನನಗೆ ಇನ್ನೂ ಬಗೆಹರಿಯದವರು ಬೇರೆ ಇದ್ದಾರೆ. ಎರಡು ದಿನ ಆದ ಮೇಲೆ ಪಿನ್ ಬಿಚ್ಚಿ 20ಕ್ಕೆ 17, 18 ನೋಡಿದವರು ಚೀಟಿಯನ್ನು ಅಲ್ಲಿಗೇ ಬಿಡುತ್ತಾರೆ. ಈ ಸಲ ಅವರ ಬುಕ್ಕಿಗೆ ಒಂದೇ ರಿಮಾರ್ಕ್ ಹಾಕಬೇಕು, ಅದೂ "ಸೇರಿಸು" ಅನ್ನುವಂಥದ್ದು ಅಂತ ಇದ್ದೇನೆ. ಮೊದಲ ಇಂಟರ್ನಲ್ಸ್ ಮುಂದಿನ ತಿಂಗಳಿದೆ, ಪಿನ್ನಿನ ಡಬ್ಬಿ ತಂದಿಟ್ಟಾಗಿದೆ.