ಹೆಚ್ಚು ನೀರಿಗಾಗಿ ಎರಡು ಪಂಪ್‌ಗಳನ್ನು ಸರಣಿಯಲ್ಲಿ ಜೋಡಿಸಿದ ನನ್ನ ಅನುಭವ

ಹೆಚ್ಚು ನೀರು ಬೇಕಿದ್ದರೆ ಪಂಪ್‌ಗಳನ್ನು ಸಮಾಂತರವಾಗಿ, ಹೆಚ್ಚು ಎತ್ತರಕ್ಕೆ ಏರಿಸಬೇಕಿದ್ದರೆ ಸರಣಿಯಲ್ಲಿ ಜೋಡಿಸಬೇಕು ಎಂಬುದು ನಮ್ಮ ಕೆಲಸದಲ್ಲಿ ರೂಢಿಯಾಗಿರುವ ಮಾತು. ಸರಣಿಯಲ್ಲೇ ನೀರು ಹೆಚ್ಚಿಸುತ್ತೇನೆಂದು ನಾನು ಹೇಳಿದಾಗ ಜೊತೆಯವರು ಒಪ್ಪಲಿಲ್ಲ.

ಏರಿಸಬೇಕಾದ ಎತ್ತರ 12 ಮೀಟರ್ ಮಾತ್ರವಿತ್ತು. ಆದರೆ ಕೊಳವೆ ಉದ್ದವಾಗಿಯೂ ಸಣ್ಣದಾಗಿಯೂ ಇದ್ದುದರಿಂದ ಘರ್ಷಣೆಯೇ ಸುಮಾರು 19 ಮೀಟರ್ ಹೆಡ್, ಅಂದರೆ ಅಷ್ಟು ಎತ್ತರದ ನೀರಿಗೆ ಸಮನಾದ ಒತ್ತಡವನ್ನು, ತಿನ್ನುತ್ತಿತ್ತು. ವಾಲ್ವ್ ಮುಚ್ಚಿದಾಗ 40 ಮೀಟರ್ ತೋರಿಸುವ ಪಂಪ್ ಆ ಸಾಲಿನಲ್ಲಿ 31 ಮೀಟರ್ ಹೆಡ್‌ನಲ್ಲಿ ಸೆಕೆಂಡಿಗೆ 6 ಲೀಟರ್ ಕೊಡುತ್ತಿತ್ತು. ಎಲ್ಲರ ಒತ್ತಾಯದ ಮೇರೆಗೆ ಅದೇ ಮಾದರಿಯ ಎರಡನೆಯ ಪಂಪನ್ನು ಮೊದಲು ಸಮಾಂತರವಾಗಿಯೇ ಕೂಡಿಸಲಾಯಿತು. ಕೂಡು ಕೊಳವೆಗೂ ಎರಡು ನಾನ್-ರಿಟರ್ನ್ ವಾಲ್ವ್‌ಗಳಿಗೂ ಪಂಪಿನ ಬೆಲೆಯ ಕಾಲು ಭಾಗದಷ್ಟು ಹಣ ಹೋಯಿತು. ಬಂದ ನೀರು ಮಾತ್ರ 7 ಲೀಟರಿಗೂ ತುಸು ಕಡಿಮೆ.

ಯಾವ ಹರಿವಿಗೆ ಎಷ್ಟು ಹೆಡ್ ಎಂದು ತೋರಿಸುವ ಪಂಪ್‌ಗಳ ರೇಖೆಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಸಮಾಂತರದಲ್ಲಿ ಪ್ರತಿ ಹೆಡ್‌ಗೂ ಹರಿವನ್ನು, ಸರಣಿಯಲ್ಲಿ ಪ್ರತಿ ಹರಿವಿಗೂ ಹೆಡ್ಡನ್ನು ಇಮ್ಮಡಿಗೊಳಿಸಿದಾಗ ಆ ಎರಡು ಹೊಸ ರೇಖೆಗಳು ಒಂದೆಡೆ ಅಡ್ಡಹಾಯುತ್ತವೆ. ನನ್ನ ಹಾಳೆಯಲ್ಲಿ ಅದು ಸುಮಾರು 9.5 ಲೀಟರ್, 34 ಮೀಟರ್ ಇರುವ ಜಾಗ. ಪ್ರತಿ ಹರಿವಿಗೂ ಕೊಳವೆ ಕೇಳುವ ಹೆಡ್ಡನ್ನು ತೋರಿಸುವ ಕೊಳವೆಯ ರೇಖೆ ಆ ಬಿಂದುವಿನ ಮೇಲಿಂದ ಹಾದುಹೋದರೆ ಸರಣಿಯೇ ಹೆಚ್ಚು ನೀರು ಕೊಡುತ್ತದೆ, ಕೆಳಗಿನಿಂದ ಹೋದರೆ ಸಮಾಂತರ. ನಮ್ಮ ಕೊಳವೆಯ ರೇಖೆ ಬಹಳ ಕಡಿದಾಗಿ ಏರುತ್ತ ಅದರ ಮೇಲೆಯೇ ಸಾಗುತ್ತಿತ್ತು. ಸರಣಿಗೆ ಬದಲಿಸಿದ ಮೇಲೆ ಹರಿವು 8 ಲೀಟರ್ ದಾಟಿತು, ಒಟ್ಟು ಹೆಡ್ 47 ಮೀಟರಿಗೆ ಏರಿತು. ಒಪ್ಪದಿದ್ದವರ ಮುಂದೆಯೇ ಅಳೆದು ತೋರಿಸಿದೆ.

ನೀರು ಮೂರನೇ ಒಂದು ಪಾಲಿನಷ್ಟು ಹೆಚ್ಚಿದರೂ ವಿದ್ಯುತ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ದಿನವಿಡೀ ಓಡಿಸುವವರಿಗೆ ದಪ್ಪ ಕೊಳವೆ ಹಾಕಿಸುವುದೇ ಲಾಭ. ನಮ್ಮದು ದಿನಕ್ಕೆ ಎರಡು ಮೂರು ಗಂಟೆಗಳ ಕೆಲಸವಾದ್ದರಿಂದ ಆ ದೊಡ್ಡ ಖರ್ಚು ಬೇಡವೆನಿಸಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದ್ದೆ. ಮೂಲೆಯಲ್ಲಿದ್ದ, ಗರಿಷ್ಠ 28 ಮೀಟರ್ ಎತ್ತುವ ಚಿಕ್ಕ ಪಂಪನ್ನು ದೊಡ್ಡದಕ್ಕೆ ಸಮಾಂತರವಾಗಿ ಕೊಟ್ಟೆ. ಸಾಲಿನಲ್ಲಿ 31 ಮೀಟರ್ ಒತ್ತಡವಿದ್ದುದರಿಂದ ಅದರ ನಾನ್-ರಿಟರ್ನ್ ವಾಲ್ವ್ ತೆರೆಯಲೇ ಇಲ್ಲ. ಸ್ವಲ್ಪ ಹೊತ್ತಿಗೇ ಕೇಸಿಂಗ್ ಮುಟ್ಟಲಾಗದಷ್ಟು ಬಿಸಿಯಾಯಿತು.

ಸರಣಿಯಲ್ಲಿ ಎರಡನೆಯ ಪಂಪಿನ ಕೇಸಿಂಗ್ ಮತ್ತು ಸೀಲ್, ಮುಂದಿನ ವಾಲ್ವ್ ಮುಚ್ಚಿದ್ದಾಗ, 80 ಮೀಟರ್ ಅಂದರೆ ಸುಮಾರು 8 ಬಾರ್ ಒತ್ತಡವನ್ನು ತಡೆಯಬೇಕಾದ್ದರಿಂದ ನೇಮ್‌ಪ್ಲೇಟಿನ ಮಿತಿಯನ್ನು ಮೊದಲೇ ನೋಡಿಕೊಳ್ಳಬೇಕು. ಎರಡರ ನಡುವೆ ಗೇಜ್ ಇರಲಿ. ಚಾಲೂ ಇರುವಾಗ ನನ್ನದು 2.3 ಬಾರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಸೊನ್ನೆಯ ಕಡೆಗೆ ಇಳಿದರೆ ಮೊದಲ ಪಂಪ್ ಸೋತಿದೆ, ಎರಡನೆಯದು ಅದರ ಮೂಲಕ ನೀರನ್ನು ಎಳೆಯುತ್ತಿದೆ ಎಂದರ್ಥ. ಅದೇ ಜಾಗದಲ್ಲಿ ಪ್ರೆಶರ್ ಸ್ವಿಚ್ ಹಾಕಿ, ಮೊದಲನೆಯದು ಒತ್ತಡ ಕಟ್ಟಿದ ಮೇಲಷ್ಟೇ ಎರಡನೆಯದು ಚಾಲೂ ಆಗುವಂತೆ ಮಾಡಿದ್ದೇನೆ. ಒಂದು ಪಂಪ್ ಕೆಟ್ಟರೂ ಇನ್ನೊಂದು ಓಡುವಂತೆ ಬೈಪಾಸ್ ಕೊಟ್ಟಿರುವ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.