ಒಂದು ಗೋಡೆಗೆ ಅಲಂಕಾರ: ಕ್ಯಾಟಲಾಗ್‌ಗಿಂತ ಮೊದಲು ತೇವ ನೋಡಿ

ಹಾಲ್‌ನಲ್ಲಿ ಟಿವಿ ಇರುವ ಗೋಡೆಯನ್ನಾದರೂ ಚಂದ ಮಾಡಿಸೋಣ ಅಂತ ಎಲ್ಲರೂ ನೇರವಾಗಿ ಅಂಗಡಿಗೆ ಹೋಗುತ್ತಾರೆ. ಮುಂದಿನ ಮಳೆಗಾಲಕ್ಕೆ ವಾಲ್‌ಪೇಪರ್ ಅಂಚು ಬಿಟ್ಟು, ಹಿಂದೆ ಕಪ್ಪು ಬೂಷ್ಟು ಕಾಣುತ್ತದೆ. ತಪ್ಪು ಪೇಪರ್‌ನದ್ದಲ್ಲ, ಗೋಡೆಯೊಳಗಿನ ತೇವದ್ದು.

1. ಗೋಡೆ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಗಾಳಿ ಹೋಗದ ಹಾಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮುಖದಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ.

ಟಿವಿ ಗೋಡೆಯ ಆಚೆ ಬದಿಗೆ ಬಾತ್‌ರೂಮ್ ಇದೆ ಅಂದುಕೊಳ್ಳಿ. ಆಗ ಒಂದು ಹಾಳೆ ಸಾಲದು. ಸ್ಕರ್ಟಿಂಗ್‌ನ ಮೇಲೆ ಒಂದು, ಆಚೆ ನಲ್ಲಿ ಇರುವ ಎತ್ತರಕ್ಕೆ ಒಂದು, ಇವೆರಡರಿಂದ ದೂರ ಇನ್ನೊಂದು ಅಂಟಿಸಿ. ನಲ್ಲಿಯ ಹತ್ತಿರದ್ದು ಮಾತ್ರ ಬೆವರಿದರೆ ಪೈಪ್ ಸೋರುತ್ತಿರಬಹುದು, ಪ್ಲಂಬರ್‌ನ ಕರೆಸಿ. ಕೆಳಗಿನದ್ದು ಮಾತ್ರ ಬೆವರಿದರೆ ನೆಲದಿಂದ ತೇವ ಏರುತ್ತಿರಬಹುದು, ಇಲ್ಲವೇ ಬಾತ್‌ರೂಮ್ ನೆಲದ ನೀರು ಇಳಿಯುತ್ತಿರಬಹುದು. ಪುಟ್ಟಿ ಹುಡಿಯಾಗಿ ಬಿಳಿ ಉಪ್ಪು ಬಿಟ್ಟಿದ್ದರೆ ಪರೀಕ್ಷೆಯೇ ಬೇಡ, ತೇವ ಇದ್ದೇ ಇದೆ.

ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಮಾರ್ಚ್‌ನಲ್ಲಿ ಒಣಗಿದ ಗೋಡೆ ಜುಲೈನಲ್ಲಿ ಬೆವರಬಹುದು. ಮಂಗಳೂರು, ಮಲೆನಾಡಿನವರು ಇದನ್ನು ಖಂಡಿತ ತಪ್ಪಿಸಬೇಡಿ. ‘ಮೇಲೆ ಪ್ಯಾನಲ್ ಹೊಡೆದುಬಿಡಿ, ಕಾಣಲ್ಲ’ ಎನ್ನುವ ಸಲಹೆಗೆ ಒಪ್ಪಲೇಬೇಡಿ. ಕಾಣದ ಕಡೆ ಬೂಷ್ಟು ಬೆಳೆಯುತ್ತಲೇ ಇರುತ್ತದೆ.

2. ಆಯ್ಕೆ. ಒಣ ಒಳಗೋಡೆಗೆ ನನ್ನ ಮೊದಲ ಆಯ್ಕೆ ವಿನೈಲ್ ವಾಲ್‌ಪೇಪರ್. ಸ್ಯಾಂಪಲ್ ತುಂಡಿಗೆ ಎಣ್ಣೆ ಬೆರಳು ಒತ್ತಿ, ಸೋಪು ನೀರಿನ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಬೇಡ. ಚಿಕ್ಕ ಮಕ್ಕಳ ಕೈಗೆ ಸಿಗುವ ಗೋಡೆಗೆ ಬರೀ ಕಾಗದದ ವಾಲ್‌ಪೇಪರ್ ಹಾಕಬೇಡಿ.

ಟೆಕ್ಸ್ಚರ್ ಪೇಂಟ್‌ನಲ್ಲಿ ಗೀರು ಆಳವಾದಷ್ಟೂ ಧೂಳು ಜಾಸ್ತಿ. ರಸ್ತೆ ಪಕ್ಕದ ಮನೆಗೆ ಸಣ್ಣ ಉಬ್ಬಿನ ವಿನ್ಯಾಸ ಸಾಕು. ಒಂದು ಕಡೆ ಪೆಟ್ಟು ಬಿದ್ದರೆ ತೇಪೆ ಎದ್ದು ಕಾಣುತ್ತದೆ. ಮುಂದೆ ನುಣುಪು ಗೋಡೆ ಬೇಕು ಅಂದರೆ ಕೆರೆದು ಹೊಸದಾಗಿ ಪುಟ್ಟಿ ಹಾಕಿಸಬೇಕು.

ಪ್ಯಾನಲ್‌ಗಳಲ್ಲಿ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ತಾಗಿದರೆ ಊದುತ್ತದೆ, ಗೆದ್ದಲೂ ಹಿಡಿಯುತ್ತದೆ. ಪಿವಿಸಿಗೆ ಆ ಎರಡೂ ಭಯವಿಲ್ಲ. ಪಟ್ಟಿಪಟ್ಟಿ ಪ್ಯಾನಲ್‌ನ ಸಂದಿಗೆ ಬಟ್ಟೆ ಇಳಿಯಲ್ಲ, ಒಣ ಪೇಂಟ್ ಬ್ರಷ್‌ನಿಂದ ವಾರಕ್ಕೊಮ್ಮೆ ಧೂಳು ತೆಗೆಯಬೇಕು. ಬರೀ ಅಂಟಿನಿಂದ ಕೂರಿಸಿದರೆ ಬಿಚ್ಚುವಾಗ ಪುಟ್ಟಿಯೂ ಕಿತ್ತು ಬರುತ್ತದೆ. ಮರದ ಪಟ್ಟಿ ಕೊಟ್ಟು ಸ್ಕ್ರೂ ಹಾಕಿಸಿ.

3. ಖರೀದಿ. ವಾಲ್‌ಪೇಪರ್ ರೋಲ್‌ಗಳ ಬ್ಯಾಚ್ ನಂಬರ್ ಒಂದೇ ಇರಲಿ, ಒಂದು ರೋಲ್ ಹೆಚ್ಚಿಗೆ ತಗೊಳ್ಳಿ. ಪೇಂಟ್ ಆದರೆ ಡಬ್ಬದ ಮೇಲಿನ ಶೇಡ್ ಕೋಡ್‌ನ ಫೋಟೋ ತೆಗೆದಿಡಿ.